ಕಾಗುಣಿತದ ಹಿಂದೆ ಅಡಗಿದ ಉತ್ತರ

ವಿಜ್ಞಾನದ ಉತ್ತರಪತ್ರಿಕೆಯೊಂದನ್ನು ತಿದ್ದಲು ಕುಳಿತ ಶಿಕ್ಷಕರ ಮುಂದೆ ಇರುವುದು ಒಂದೇ ಹಾಳೆಯಾದರೂ ಅದರಲ್ಲಿ ಎರಡು ವಿಷಯಗಳು ಬೆರೆತಿರುತ್ತವೆ: ವಿದ್ಯಾರ್ಥಿಗೆ ಏನು ತಿಳಿದಿದೆ ಎಂಬುದು ಒಂದು, ತಿಳಿದದ್ದನ್ನು ಅಕ್ಷರಕ್ಕಿಳಿಸಲು ಆತನ ಕೈಗೆ ಎಷ್ಟು ಸಾಧ್ಯವಾಗಿದೆ ಎಂಬುದು ಇನ್ನೊಂದು. ಹೆಚ್ಚಿನ ಮಕ್ಕಳಲ್ಲಿ ಇವೆರಡೂ ಸರಿಸುಮಾರು ಜೊತೆಜೊತೆಯಾಗಿ ಸಾಗುವುದರಿಂದ ಒಂದನ್ನು ನೋಡಿ ಇನ್ನೊಂದನ್ನು ಊಹಿಸುವ ಅಭ್ಯಾಸ ತಿದ್ದುವವರಿಗೆ ಬಂದುಬಿಡುತ್ತದೆ, ಮತ್ತು ಆ ಅಭ್ಯಾಸದಿಂದ ದೊಡ್ಡ ನಷ್ಟವೇನೂ ಆಗುವುದಿಲ್ಲ. ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಯ ಹಾಳೆ ಕೈಗೆ ಬಂದಾಗ ಮಾತ್ರ ಅದೇ ಅಭ್ಯಾಸ ಅನ್ಯಾಯಕ್ಕೆ ದಾರಿಯಾಗುತ್ತದೆ, ಏಕೆಂದರೆ ಅಂತಹ ವಿದ್ಯಾರ್ಥಿಯಲ್ಲಿ ತಿಳಿವು ಮತ್ತು ಬರಹ ಒಂದನ್ನೊಂದು ಬಿಟ್ಟು ದೂರ ಸರಿದಿರುತ್ತವೆ.

ಡಿಸ್ಲೆಕ್ಸಿಯಾ ಎಂಬುದು ಪದಗಳನ್ನು ತಡೆಯಿಲ್ಲದೆ, ತಪ್ಪಿಲ್ಲದೆ ಓದುವುದರಲ್ಲಿ ಮತ್ತು ಬರೆಯುವುದರಲ್ಲಿ ಉಳಿದುಬರುವ ಒಂದು ನಿರ್ದಿಷ್ಟ ತೊಡಕು. ನಿರ್ದಿಷ್ಟ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು, ಏಕೆಂದರೆ ತೊಡಕು ಇರುವುದು ಮಾತಿನ ಧ್ವನಿಗಳನ್ನು ಬಿಡಿಸಿಕೊಂಡು ಅವಕ್ಕೆ ತಕ್ಕ ಲಿಪಿಚಿಹ್ನೆಗಳನ್ನು ಹೊಂದಿಸುವ ಕೆಲಸದಲ್ಲಿಯೇ ಹೊರತು ಒಟ್ಟು ಬುದ್ಧಿಶಕ್ತಿಯಲ್ಲಿ ಅಲ್ಲ. ಈ ಹೆಸರನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ತಂದವರು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್. ಮಕ್ಕಳಲ್ಲಿ ಹುಟ್ಟಿನಿಂದಲೇ ಬರುವ ಇಂತಹ ತೊಡಕಿನ ಬಗ್ಗೆ ಮೊದಮೊದಲು ಬರೆದವರಲ್ಲಿ ಒಬ್ಬರು ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್. 1896ರಲ್ಲಿ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರ್ಣಿಸಿದ 14 ವರ್ಷದ ಪರ್ಸಿ ಎಂಬ ಹುಡುಗ ಲೆಕ್ಕದಲ್ಲಿ ಚುರುಕಾಗಿದ್ದ, ಆದರೆ ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ಬರೆದಿದ್ದ, ಮತ್ತು ತಪ್ಪಾಗಿದೆ ಎಂದು ಒಂದಕ್ಕಿಂತ ಹೆಚ್ಚು ಸಲ ತೋರಿಸಿಕೊಡುವವರೆಗೆ ಅದು ಅವನ ಗಮನಕ್ಕೆ ಬಂದಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಜಾಣ ಇನ್ನೊಬ್ಬ ಇರಲಾರ ಎಂದು ಅವನ ಶಿಕ್ಷಕರು ಹೇಳಿದ್ದನ್ನು ಮಾರ್ಗನ್ ದಾಖಲಿಸಿದ್ದಾರೆ. ಮೌಲ್ಯಮಾಪನದ ಸಮಸ್ಯೆ ಆ ಶಿಕ್ಷಕರ ಒಂದು ಮಾತಿನಲ್ಲಿಯೇ ಪೂರ್ತಿಯಾಗಿ ಅಡಗಿದೆ.

ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ, ಹಾಗಿರುವಾಗ ಇಂಗ್ಲಿಷಿನ ಕಾಗುಣಿತದ ಗೋಳು ಇಲ್ಲಿಲ್ಲ ಎಂಬ ನಂಬಿಕೆ ಶಾಲೆಗಳಲ್ಲಿ ಬಲವಾಗಿ ಬೇರೂರಿದೆ. ಈ ನಂಬಿಕೆಯಲ್ಲಿ ಅರ್ಧ ನಿಜವಿದೆ. ಒಂದು ಧ್ವನಿಗೆ ಹತ್ತು ಬಗೆಯ ಬರಹವಿಲ್ಲ ಎಂಬುದು ಸರಿಯಾದರೂ, ವರ್ಣಮಾಲೆಯ 49 ಅಕ್ಷರಗಳಿಗೆ ಕಲಿಕೆ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿದಾಗ ಗುಣಿತಾಕ್ಷರಗಳ ಸಂಖ್ಯೆ ನಾನೂರನ್ನು ದಾಟುತ್ತದೆ, ಅದರ ಮೇಲೆ ಒತ್ತಕ್ಷರಗಳು ಬರುತ್ತವೆ. ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಸಂಶೋಧನೆ ಈ ಕಲಿಕೆ ಪ್ರಾಥಮಿಕ ಶಾಲೆಯ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದನ್ನು ತೋರಿಸಿದೆ. ತೊಡಕಿಲ್ಲದ ಮಗುವಿಗೇ ಇಷ್ಟು ಕಾಲ ಹಿಡಿಯುವ ಕೆಲಸ ಇದು.

ಇದರ ಜೊತೆಗೆ, ಬರಹದಲ್ಲಿ ಚಿಹ್ನೆಗಳು ಕುಳಿತುಕೊಳ್ಳುವ ಜಾಗವೂ ಧ್ವನಿಯ ಕ್ರಮವನ್ನು ಯಾವಾಗಲೂ ಅನುಸರಿಸುವುದಿಲ್ಲ. ಹೃದಯದ ಮೇಲಿನ ಕೋಣೆಗೆ ಪಠ್ಯಪುಸ್ತಕ ಬಳಸುವ ಹೃತ್ಕರ್ಣ ಎಂಬ ಪದವನ್ನೇ ನೋಡಬಹುದು. ಹಕಾರದ ಬದಿಯಲ್ಲಿ ಋಕಾರದ ಚಿಹ್ನೆ, ತಕಾರದ ಕೆಳಗೆ ಕಕಾರದ ಒತ್ತು, ಕೊನೆಯಲ್ಲಿ ಕಿವಿಗೆ ಮೊದಲು ಕೇಳಿಸಿದರೂ ಕಣ್ಣಿಗೆ ಣಕಾರದ ನಂತರ ಕಾಣುವ ಅರ್ಕಾವತ್ತು, ಹೀಗೆ ಮೂರೇ ಅಕ್ಷರದ ಪದದಲ್ಲಿ ಕೈ ಬದಿಗೆ, ಕೆಳಕ್ಕೆ, ಮುಂದೆ ಹೋಗಿ ಹಿಂದಿನದಕ್ಕೆ ಎಂದು ಮೂರು ಬಗೆಯ ಲೆಕ್ಕ ಹಾಕಬೇಕು. ಓಕಾರವೂ ಹಾಗೆಯೇ: ಗೋ ಎಂದು ಬರೆಯಲು ಎತ್ವ, ಕೊಂಬು, ದೀರ್ಘ ಎಂಬ ಮೂರು ತುಂಡುಗಳನ್ನು ಕ್ರಮವಾಗಿ ಜೋಡಿಸಬೇಕು, ಮತ್ತು ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಯ ಬರಹದಲ್ಲಿ ಕೊನೆಯ ತುಂಡಾದ ದೀರ್ಘ ಬಿಟ್ಟುಹೋಗುವುದು ಎಷ್ಟು ಸಾಮಾನ್ಯವೆಂದರೆ ಓದುವವರು ಅದನ್ನು ನಿರೀಕ್ಷಿಸಿಯೇ ಹಾಳೆಯನ್ನು ತೆರೆಯಬಹುದು.

ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ಬರುವ ಒಂದು ಪ್ರಶ್ನೆಯನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಇಮ್ಮಡಿ ಪರಿಚಲನೆ ಎಂದರೇನು, ಪಕ್ಷಿಗಳಿಗೂ ಸಸ್ತನಿಗಳಿಗೂ ಅದು ಏಕೆ ಅಗತ್ಯ ಎಂಬುದು ಪ್ರಶ್ನೆ, ಅದಕ್ಕೆ 4 ಅಂಕ. ಇಮ್ಮಡಿ ಪರಿಚಲನೆ ಎಂದರೆ ರಕ್ತ ದೇಹವನ್ನು ಒಂದು ಸುತ್ತು ಪೂರೈಸುವಷ್ಟರಲ್ಲಿ ಹೃದಯವನ್ನು ಎರಡು ಬಾರಿ ಹಾದುಹೋಗುವ ವ್ಯವಸ್ಥೆ. ಇದರ ಮಾದರಿ ಉತ್ತರದಲ್ಲಿ ನಾಲ್ಕು ಅಂಶಗಳಿಗೆ ಒಂದೊಂದು ಅಂಕವಿದೆ ಎಂದು ಭಾವಿಸೋಣ: ಎರಡು ಬಾರಿ ಹಾದುಹೋಗುವುದು, ಬಲಭಾಗದಿಂದ ಶ್ವಾಸಕೋಶಕ್ಕೆ, ಎಡಭಾಗದಿಂದ ದೇಹಕ್ಕೆ, ಅಲ್ಲಿಂದ ಮರಳಿ ಬಲಭಾಗಕ್ಕೆ ಎಂಬ ಹಾದಿ, ಆಮ್ಲಜನಕಯುಕ್ತ ರಕ್ತವೂ ಆಮ್ಲಜನಕರಹಿತ ರಕ್ತವೂ ಬೆರೆಯದಿರುವುದು, ದೇಹದ ಉಷ್ಣತೆಯನ್ನು ಕಾಪಾಡಿಕೊಳ್ಳಲು ಹೆಚ್ಚು ಆಮ್ಲಜನಕ ಬೇಕಾಗುವುದು. ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಯ ಬರಹ ಹೇಗಿರುತ್ತದೆ ಎಂಬುದನ್ನು ತೋರಿಸಲು ಈ ಬಾನುಲಿ ಭಾಷಣಕ್ಕಾಗಿಯೇ ರಚಿಸಿದ ಉತ್ತರ ಹೀಗಿದೆ:

ರಕತ ಒಂದು ಸುತು ಸುತುವಾಗ ಎರಡು ಸಲ ರುದಯದ ಒಳಗೆ ಹೊಗುತದೆ. ಬಲ ರುತಕುಕಿಯಿಂದ ಅಬದಮನಿ ರಕತವನು ಸಾಸಕೊಶಕೆ ಒಯುತದೆ. ಅಲಿ ಆಮಜಲಕ ಸಿಗುತದೆ. ಆಮೆಲೆ ಎಡ ರುತಕಣಕೆ ಬಂದು ಎಡ ಹುತಕುಶಿಯಿಂದ ಮೈಗೆಲಾ ಹೊಗುತದೆ. ನಡುವೆ ಗೊಡೆ ಇರುವುದರಿದ ಎರಡು ರಕತ ಬೆರೆಯುವುದಿಲ. ಹಕಿಗೆ ನಮಗೆ ಮೈ ಬಿಸಿ ಇಟುಕೊಳಲು ಜಾಸತಿ ಆಮಲಜನಕ ಬೇಕು.

ಬಾನುಲಿಯಲ್ಲಿ ಈ ಸಾಲುಗಳನ್ನು ಓದಿದಾಗ ಕೇಳುಗರ ಕಿವಿಗೆ ತಪ್ಪುಗಳಲ್ಲಿ ಎಷ್ಟೋ ಜಾರಿಹೋಗುತ್ತವೆ, ಅಚ್ಚಿನಲ್ಲಿ ಮಾತ್ರ ಎಲ್ಲವೂ ಕಣ್ಣಿಗೆ ಕುಕ್ಕುತ್ತವೆ. ಈ ಒಂದು ವ್ಯತ್ಯಾಸವೇ ತಿದ್ದುವವರಿಗೆ ಮೊದಲ ಉಪಾಯವನ್ನು ಹೇಳಿಕೊಡುತ್ತದೆ. ಉತ್ತರದಲ್ಲಿ 40 ಪದಗಳಿವೆ, ಅವುಗಳಲ್ಲಿ 26 ತಪ್ಪು. ಕೆಂಪು ಪೆನ್ನು ಹಿಡಿದು ಒಂದೊಂದಕ್ಕೂ ಸುತ್ತು ಹಾಕುತ್ತ ಹೋದವರಿಗೆ ಕೊನೆಯ ಸಾಲು ತಲುಪುವ ಹೊತ್ತಿಗೆ ಉತ್ತರವೇ ಕಾಣಿಸದಾಗುತ್ತದೆ. ಅದೇ ಉತ್ತರವನ್ನು ತುಟಿಯಲ್ಲಿ ಮೆಲ್ಲಗೆ ಓದಿಕೊಂಡರೆ ರಕತ ಎಂಬುದು ರಕ್ತವೆಂದೂ ಸುತು ಎಂಬುದು ಸುತ್ತೆಂದೂ ತಾನಾಗಿ ಸರಿಹೊಂದುತ್ತದೆ, ಏಕೆಂದರೆ ವಿದ್ಯಾರ್ಥಿ ಬರೆದದ್ದು ಕಿವಿಯ ನೆನಪಿನಿಂದ. ಹಾಗಾಗಿ ಅದನ್ನು ಹಿಡಿಯಬೇಕಾದದ್ದೂ ಕಿವಿಯಿಂದಲೇ.

ತಪ್ಪುಗಳಲ್ಲಿಯೂ ಒಂದು ನಡೆ ಇದೆ. ಸುತ್ತು, ಹಕ್ಕಿ, ಅಲ್ಲಿ ಮುಂತಾದ ಪದಗಳಲ್ಲಿ ಒಂದೇ ವ್ಯಂಜನ ಇಮ್ಮಡಿಯಾಗುತ್ತದೆ. ಇದನ್ನು ವ್ಯಾಕರಣದಲ್ಲಿ ಸಜಾತೀಯ ಸಂಯುಕ್ತಾಕ್ಷರ ಎನ್ನುತ್ತಾರೆ. ಈ ಪದಗಳಲ್ಲಿ ವಿದ್ಯಾರ್ಥಿ ಒತ್ತನ್ನು ಬಿಟ್ಟೇಬಿಟ್ಟಿದ್ದಾನೆ. ರಕ್ತ, ಜಾಸ್ತಿ, ಆಮ್ಲಜನಕ ಎಂಬ ಪದಗಳಲ್ಲಿ ಬೇರೆ ಬೇರೆ ವ್ಯಂಜನಗಳು ಕೂಡುತ್ತವೆ. ಇದು ವಿಜಾತೀಯ ಸಂಯುಕ್ತಾಕ್ಷರ. ಇಲ್ಲಿ ಬಹುಮಟ್ಟಿಗೆ ಆತ ಕೂಡಿದ್ದನ್ನು ಬಿಡಿಸಿ ಎರಡು ಪೂರ್ಣ ಅಕ್ಷರಗಳನ್ನಾಗಿ ಬರೆದಿದ್ದಾನೆ. ಎರಡು ಬೇರೆ ಧ್ವನಿಗಳಿವೆ ಎಂಬುದು ಆತನಿಗೆ ಕೇಳಿಸಿದೆ, ಅವುಗಳನ್ನು ಒಂದರ ಕೆಳಗೊಂದು ಕೂರಿಸುವ ಲಿಪಿಯ ಕ್ರಮ ಮಾತ್ರ ಕೈಗೆ ಬಂದಿಲ್ಲ. ಇದನ್ನು ಅಜಾಗರೂಕತೆ ಎಂದು ಕರೆಯುವುದು ಸರಿಯಲ್ಲ, ಏಕೆಂದರೆ ಅಜಾಗರೂಕತೆಗೆ ಇಷ್ಟು ಶಿಸ್ತು ಇರುವುದಿಲ್ಲ.

ಇನ್ನೊಂದು ಗುರುತು ಎಂದರೆ ಚಂಚಲತೆ. ಹೃ ಎಂಬ ಅಕ್ಷರ ಮೂರು ಕಡೆ ರು ಆಗಿದೆ, ಒಂದು ಕಡೆ ಹು ಆಗಿದೆ. ಹೃತ್ಕುಕ್ಷಿಯ ಕೊನೆಯ ಅಕ್ಷರ ಒಮ್ಮೆ ಕಿ, ಮತ್ತೊಮ್ಮೆ ಶಿ. ಆಮ್ಲಜನಕ ಮೊದಲ ಸಲ ಅಕ್ಷರಗಳು ಅದಲುಬದಲಾಗಿ ಆಮಜಲಕವಾಗಿ, ಮೂರು ವಾಕ್ಯಗಳಾಚೆ ಬಹುಪಾಲು ಸರಿಯಾಗಿಯೇ ಬಂದಿದೆ. ಪ್ರಾದೇಶಿಕ ಮಾತಿನಿಂದ ಬರುವ ತಪ್ಪುಗಳು ಹೀಗೆ ಅಲುಗಾಡುವುದಿಲ್ಲ. ಮಹಾಪ್ರಾಣವನ್ನು ಉಚ್ಚರಿಸದ, ಶಕಾರ ಸಕಾರಗಳಲ್ಲಿ ಭೇದ ಮಾಡದ ಮನೆಮಾತಿನ ಮಗು ಧಮನಿಯನ್ನು ಪ್ರತಿ ಸಲವೂ ದಮನಿ ಎಂದೇ ಬರೆಯುತ್ತದೆ, ಹೃದಯವನ್ನು ರುದಯ ಎಂದೇ ಬರೆಯುತ್ತದೆ. ಈ ಉತ್ತರದಲ್ಲಿಯೂ ಅಂತಹ ಕೆಲವು ರೂಪಗಳು ಸೇರಿವೆ. ಎಲ್ಲವನ್ನೂ ಡಿಸ್ಲೆಕ್ಸಿಯಾದ ಖಾತೆಗೆ ಬರೆದುಕೊಳ್ಳಬೇಕಾಗಿಲ್ಲ. ಹಾಗೆಂದು ತಿದ್ದುವ ಶಿಕ್ಷಕರು ಒಂದು ಹಾಳೆಯನ್ನು ನೋಡಿ ಡಿಸ್ಲೆಕ್ಸಿಯಾ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸುವಂತೆಯೂ ಇಲ್ಲ, ಅದು ತಜ್ಞರ ಪರೀಕ್ಷೆಯಿಂದ ಆಗಬೇಕಾದ ಕೆಲಸ. ವಿಜ್ಞಾನದ ಪ್ರಶ್ನೆಗೆ ಅಂಕ ಕೊಡುವಾಗ ತಪ್ಪಿನ ಮೂಲ ಯಾವುದಾದರೂ ವಿಧಾನ ಬದಲಾಗುವುದಿಲ್ಲ.

ಆ ವಿಧಾನದ ತಿರುಳು ಇಷ್ಟು: ಓದುವವರು ಬರಹಕ್ಕೆ ಒತ್ತನ್ನೋ ದೀರ್ಘವನ್ನೋ ಸೊನ್ನೆಯನ್ನೋ ಸೇರಿಸಿಕೊಂಡು ಅರ್ಥ ಮಾಡಿಕೊಳ್ಳಬಹುದು, ಪದವನ್ನು ಸೇರಿಸಿಕೊಳ್ಳಬಾರದು. ಚಿಹ್ನೆಯನ್ನು ತುಂಬುವುದು ಓದು, ಪದವನ್ನು ತುಂಬುವುದು ವಿದ್ಯಾರ್ಥಿಯ ಪರವಾಗಿ ಉತ್ತರ ಬರೆಯುವುದು. ಐದನೆಯ ವಾಕ್ಯದ ಬೆರೆಯುವುದಿಲ ಎಂಬ ರೂಪವನ್ನು ತೆಗೆದುಕೊಂಡರೆ, ಅದಕ್ಕೆ ಲಕಾರದ ಒತ್ತೊಂದನ್ನು ಸೇರಿಸಿದರೆ ಬೆರೆಯುವುದಿಲ್ಲ ಎಂದಾಗುತ್ತದೆ, ಬೇರೆ ಯಾವ ಕನ್ನಡ ಪದವೂ ಆಗುವುದಿಲ್ಲ. ಆದ್ದರಿಂದ ಅಂಕ ಸಂದಾಯ. ಅದೇ ಜಾಗದಲ್ಲಿ ಬೆರೆಯುವುದು ಎಂದಿದ್ದರೆ ಮಾತು ಬೇರೆ. ಕನ್ನಡದಲ್ಲಿ ನಿಷೇಧ ಪದದ ಬಾಲದಲ್ಲಿ ಕುಳಿತುಕೊಳ್ಳುವುದರಿಂದ, ಅವಸರದಲ್ಲಿ ಬಾಲ ತುಂಡಾಗಿರಬಹುದು ಎಂದು ತಿದ್ದುವವರಿಗೆ ಅನಿಸಬಹುದು, ವಿದ್ಯಾರ್ಥಿಯ ಉಳಿದ ವಾಕ್ಯಗಳು ಆ ಅನಿಸಿಕೆಗೆ ಬೆಂಬಲವನ್ನೂ ಕೊಡಬಹುದು. ಆದರೂ ಹಾಳೆಯ ಮೇಲಿರುವುದು ತಪ್ಪು ಅಭಿಪ್ರಾಯ, ಅದನ್ನು ಸರಿಯೆಂದು ಓದಲು ಇಲ್ಲ ಎಂಬ ಇಡೀ ಪದವನ್ನು ಓದುಗರೇ ತರಬೇಕಾಗುತ್ತದೆ. ಅಲ್ಲಿ ಅಂಕ ಕೊಡುವುದು ಕರುಣೆಯಾದೀತು, ನ್ಯಾಯವಾಗದು. ಡಿಸ್ಲೆಕ್ಸಿಯಾ ಇರುವ ಮಕ್ಕಳ ಬಗ್ಗೆ ಕಾಳಜಿಯುಳ್ಳ ಶಿಕ್ಷಕರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಮತ್ತು ಇದರಿಂದ ಮಗುವಿಗೆ ಆಗುವ ಹಾನಿ ಚಿಕ್ಕದಲ್ಲ: ತಿಳಿಯದ ಪಾಠ ತಿಳಿದಿದೆ ಎಂಬ ದಾಖಲೆ ಉಳಿದುಬಿಡುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಮೊದಲ ವಾಕ್ಯದ ಒಳಗೆ ಹೊಗುತದೆ ಎಂಬಲ್ಲಿ ಹೋಗು ಎಂಬ ಪದದ ದೀರ್ಘ ತಪ್ಪಿದೆಯೇ, ಒಳಸೇರು ಎಂಬ ಅರ್ಥದ ಹೊಗು ಎಂಬ ಪದವೇ ಬಂದಿದೆಯೇ ಎಂದು ಹೇಳುವಂತಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಎರಡೂ ಓದುಗಳಲ್ಲಿ ರಕ್ತ ಹೃದಯದೊಳಕ್ಕೇ ಸೇರುತ್ತದೆ.

ನಿಜವಾದ ಕಷ್ಟ ಇರುವುದು ಅಬದಮನಿ ಎಂಬ ಪದದಲ್ಲಿ. ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವ ನಾಳ ಅಪಧಮನಿ, ಹೃದಯಕ್ಕೆ ಮರಳಿ ತರುವ ನಾಳ ಅಭಿಧಮನಿ. ಪಠ್ಯಪುಸ್ತಕದ ಈ ಜೋಡಿ ಪದಗಳು ಅರ್ಥದಲ್ಲಿ ಎದುರುಬದುರು, ರೂಪದಲ್ಲಿ ಅವಳಿ. ಅವುಗಳ ನಡುವಿನ ಭೇದವೆಲ್ಲ ಎರಡನೆಯ ಅಕ್ಷರದಲ್ಲಿ ಮಾತ್ರ ಇದೆ, ಮತ್ತು ಪಕಾರ, ಭಕಾರ ಎರಡೂ ತುಟಿಯಲ್ಲಿ ಹುಟ್ಟುವ ಧ್ವನಿಗಳಾದ್ದರಿಂದ ಡಿಸ್ಲೆಕ್ಸಿಯಾ ಇರುವ ಮಗು ಎಡವಲು ಇದಕ್ಕಿಂತ ಒಳ್ಳೆಯ ಜಾಗವನ್ನು ಪರಿಭಾಷೆ ಮಾಡಿದವರು ಬೇಕೆಂದು ಹುಡುಕಿದ್ದರೂ ಸಿಗುತ್ತಿರಲಿಲ್ಲ. ವಿದ್ಯಾರ್ಥಿ ಬರೆದ ಬಕಾರ ಎರಡಕ್ಕೂ ಸಮದೂರದಲ್ಲಿದೆ. ಆದರೆ ವಾಕ್ಯದ ಉಳಿದ ಪದಗಳು ಸಂದೇಹಕ್ಕೆ ಎಡೆ ಕೊಡುವುದಿಲ್ಲ: ಬಲ ಹೃತ್ಕುಕ್ಷಿಯಿಂದ ಹೊರಟು ಶ್ವಾಸಕೋಶಕ್ಕೆ ಒಯ್ಯುವ ನಾಳ ಅಪಧಮನಿಯೇ ಆಗಬೇಕು. ಅದಕ್ಕಿಂತ ಮುಖ್ಯವಾಗಿ, ಈ ಪ್ರಶ್ನೆ ನಾಳದ ಹೆಸರನ್ನು ಕೇಳಿಲ್ಲ. ಹಾದಿಯನ್ನು ಕೇಳಿದೆ, ಹಾದಿ ಸ್ಪಷ್ಟವಾಗಿದೆ. ಇಲ್ಲಿ ಅಂಕ ಕಡಿತಕ್ಕೆ ಕಾರಣವೇ ಇಲ್ಲ.

ಇದೇ ಪದ ಒಂದು ಅಂಕದ ಪ್ರಶ್ನೆಗೆ ಒಂಟಿಯಾಗಿ ಬಂದರೆ ಪರಿಸ್ಥಿತಿ ತಿರುಗುತ್ತದೆ. ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವ ನಾಳದ ಹೆಸರೇನು ಎಂಬ ಪ್ರಶ್ನೆಗೆ ಅಬದಮನಿ ಎಂದಷ್ಟೇ ಬರೆದಿದ್ದರೆ ಅದು ಯಾವುದು ಎಂದು ಯಾವ ಸಹೃದಯ ಓದಿನಿಂದಲೂ ತಿಳಿಯುವುದಿಲ್ಲ, ಅರ್ಧ ಅಂಕ ಕೊಟ್ಟು ರಾಜಿಯಾಗುವುದು ಊಹೆಗೆ ಬೆಲೆ ಕಟ್ಟಿದಂತಾಗುತ್ತದೆ. ಶಾಲೆಯೊಳಗಿನ ಕಿರುಪರೀಕ್ಷೆಯಾದರೆ ವಿದ್ಯಾರ್ಥಿಯನ್ನು ಕರೆದು ಹೃದಯದ ಚಿತ್ರದ ಮೇಲೆ ಆ ನಾಳವನ್ನು ಬೆರಳಿಟ್ಟು ತೋರಿಸಲು ಹೇಳಿದರೆ ಅರ್ಧ ನಿಮಿಷದಲ್ಲಿ ಸಂದೇಹ ಪರಿಹಾರವಾಗುತ್ತದೆ. ಉತ್ತರಪತ್ರಿಕೆ ಬರೆದವರು ಯಾರೆಂದು ತಿಳಿಯದ ಕೇಂದ್ರೀಕೃತ ಮೌಲ್ಯಮಾಪನದಲ್ಲಿ ಆ ದಾರಿ ಇಲ್ಲ, ಅಲ್ಲಿ ಅಂಕ ಹೋಗುತ್ತದೆ. ಈ ನಷ್ಟಕ್ಕೆ ಹೊಣೆ ತಿದ್ದುವವರಲ್ಲ, ಪ್ರಶ್ನೆ ಮಾಡಿದವರು. ಹೆಸರಿನ ಬದಲು, ಅಪಧಮನಿ ಮತ್ತು ಅಭಿಧಮನಿ ಎಂಬ ಹೆಸರುಗಳನ್ನು ಪ್ರಶ್ನೆಯಲ್ಲಿಯೇ ಅಚ್ಚುಮಾಡಿ ಕೊಟ್ಟು, ಒಂದೊಂದರಲ್ಲೂ ರಕ್ತ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಕೇಳಿದ್ದರೆ ಅದೇ ತಿಳಿವಳಿಕೆ ಅಳೆಯಲ್ಪಡುತ್ತಿತ್ತು, ಕಾಗುಣಿತ ಅಡ್ಡ ಬರುತ್ತಿರಲಿಲ್ಲ.

ಕಾಗುಣಿತಕ್ಕಿಂತ ಹೆಚ್ಚು ಮರೆಯಲ್ಲಿ ಕೆಲಸ ಮಾಡುವ ಇನ್ನೊಂದು ಸಂಗತಿ ಪದಗಳ ಆಯ್ಕೆ. ಬರೆಯುವಾಗ ಪ್ರತಿ ಪದವೂ ಅಪಾಯವೆಂದು ಅನುಭವದಿಂದ ಕಲಿತ ವಿದ್ಯಾರ್ಥಿ ಕಠಿಣ ಪದಗಳನ್ನು ತಪ್ಪಿಸಿಕೊಂಡು ಹೋಗುತ್ತಾನೆ. ದೇಹದ ಉಷ್ಣತೆಯನ್ನು ಕಾಪಾಡಿಕೊಳ್ಳಲು ಎನ್ನುವಲ್ಲಿ ಮೈ ಬಿಸಿ ಇಟ್ಟುಕೊಳ್ಳಲು, ವಿಭಜಕ ಪಟಲ ಎನ್ನುವಲ್ಲಿ ಗೋಡೆ, ಪಕ್ಷಿ ಎನ್ನುವಲ್ಲಿ ಹಕ್ಕಿ. ಸಸ್ತನಿ ಎಂಬ ಪದವಂತೂ ಉತ್ತರದಲ್ಲಿ ಇಲ್ಲವೇ ಇಲ್ಲ, ಅದರ ಬದಲು ನಮಗೆ ಎಂದಿದೆ. ತಿದ್ದುವವರಿಗೆ ಇದು ಚಿಕ್ಕ ಮಗುವಿನ ಉತ್ತರದಂತೆ ಕಾಣುತ್ತದೆ, ಕಾಗುಣಿತವನ್ನು ಕ್ಷಮಿಸಿದವರು ಕೂಡ ಉತ್ತರ ಸರಳವಾಯಿತು, ಆಳವಿಲ್ಲ ಎಂದು ಒಂದು ಅಂಕ ಕಡಿಮೆ ಮಾಡುತ್ತಾರೆ. ಕೊನೆಯ ವಾಕ್ಯವನ್ನು ಬಿಡಿಸಿ ನೋಡಿದರೆ ಅದರಲ್ಲಿ ಕಾರಣ, ಪರಿಣಾಮ, ಉದಾಹರಣೆ ಮೂರೂ ಇವೆ: ಮೈಯನ್ನು ಬೆಚ್ಚಗಿಡಬೇಕು, ಅದಕ್ಕಾಗಿ ಆಮ್ಲಜನಕ ಹೆಚ್ಚು ಬೇಕು, ಇದು ಹಕ್ಕಿಗೂ ಮನುಷ್ಯನಿಗೂ ಸಮಾನ. ಪಠ್ಯದ ವಾಕ್ಯವನ್ನು ಕಂಠಪಾಠ ಮಾಡಿ ಒಪ್ಪಿಸಿದ ಅಚ್ಚುಕಟ್ಟಾದ ಉತ್ತರದಲ್ಲಿ ಇಷ್ಟು ತಿಳಿವಳಿಕೆ ಇದೆ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ, ಇಲ್ಲಿ ಬರುತ್ತದೆ.

ವಿಷಯಕ್ಕೆ ಮಾತ್ರ ಅಂಕ ಕೊಡುತ್ತೇವೆ ಎಂದು ನಿಶ್ಚಯಿಸಿಕೊಂಡರೆ ಸಾಲದೇ ಎಂಬ ಪ್ರಶ್ನೆ ಬರಬಹುದು. ಸಾಲದು ಎಂಬುದಕ್ಕೆ ಆಧಾರವಿದೆ. ಅಮೆರಿಕದಲ್ಲಿ ಸ್ಕ್ಯಾನೆಲ್ ಮತ್ತು ಮಾರ್ಷಲ್ ಎಂಬ ಸಂಶೋಧಕರು 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ವಿಷಯದ ಉತ್ತರವನ್ನು ತಪ್ಪುಗಳಿಲ್ಲದ ರೂಪದಲ್ಲಿಯೂ ಕಾಗುಣಿತ, ವ್ಯಾಕರಣ, ಲೇಖನಚಿಹ್ನೆಗಳ ತಪ್ಪುಗಳಿರುವ ರೂಪದಲ್ಲಿಯೂ ಸಿದ್ಧಪಡಿಸಿ, ವಿಷಯವೊಂದನ್ನೇ ನೋಡಿ ಅಂಕ ಕೊಡಬೇಕೆಂದು ತಿದ್ದುವವರಿಗೆ ಸ್ಪಷ್ಟವಾಗಿ ತಿಳಿಸಲಾಗಿತ್ತು. ಆದರೂ ತಪ್ಪುಗಳಿದ್ದ ಪ್ರತಿಗಳಿಗೆ ಕಡಿಮೆ ಅಂಕ ಬಂದಿತು. ಒಂದು ಗುಣದ ಬಗ್ಗೆ ಮೂಡಿದ ಅಭಿಪ್ರಾಯ ಉಳಿದ ಗುಣಗಳ ಮೇಲೂ ಚೆಲ್ಲಿಕೊಳ್ಳುವ ಈ ಮನೋವೃತ್ತಿಗೆ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿಯೇ ದೇವರ ತಲೆಯ ಹಿಂದಿನ ಪ್ರಭಾವಳಿಯ ಹೆಸರನ್ನು ಇಟ್ಟಿದ್ದರು. ಒಳ್ಳೆಯ ಮನಸ್ಸು ಇದನ್ನು ತಡೆಯಲಾರದು, ಕೆಲಸದ ಕ್ರಮ ಮಾತ್ರ ತಡೆಯಬಲ್ಲದು.

ಕ್ರಮ ಎಂದರೆ ಹೀಗೆ. ತಿದ್ದುವವರು ಮೊದಲ ಓದಿನಲ್ಲಿ ಕೆಂಪು ಪೆನ್ನನ್ನು ಮುಟ್ಟುವುದಿಲ್ಲ. ಪೆನ್ಸಿಲ್ ಹಿಡಿದು, ಮಾದರಿ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು, ಉತ್ತರವನ್ನು ಮೆಲುದನಿಯಲ್ಲಿ ಓದುತ್ತ, ಅಂಕಕ್ಕೆ ಅರ್ಹವಾದ ಅಂಶ ಸಿಕ್ಕಿದ ಕಡೆ ಅಂಚಿನಲ್ಲಿ ಒಂದು ಗೀಟು ಹಾಕುತ್ತಾರೆ. ಗೀಟುಗಳನ್ನು ಎಣಿಸಿ ಅಂಕವನ್ನು ಬರೆದ ಮೇಲೆಯೇ ಕಾಗುಣಿತದ ಕಡೆಗೆ ಕಣ್ಣು ಹೊರಳಬೇಕು, ಮತ್ತು ಬರೆದ ಅಂಕ ಆಮೇಲೆ ಬದಲಾಗಬಾರದು. ಒಬ್ಬ ವಿದ್ಯಾರ್ಥಿಯ ಇಡೀ ಪತ್ರಿಕೆಯನ್ನು ಮುಗಿಸಿ ಇನ್ನೊಬ್ಬರದಕ್ಕೆ ಹೋಗುವುದಕ್ಕಿಂತ ಎಲ್ಲರ ಇದೊಂದು ಪ್ರಶ್ನೆಯನ್ನು ತಿದ್ದಿ ಮುಂದಿನ ಪ್ರಶ್ನೆಗೆ ಹೋಗುವುದು ಒಳ್ಳೆಯದು, ಇಲ್ಲವಾದರೆ ಮೊದಲ ಪುಟದ ತಪ್ಪುಗಳು ಹತ್ತನೆಯ ಪುಟದ ಅಂಕವನ್ನು ನಿರ್ಧರಿಸತೊಡಗುತ್ತವೆ. ಈ ಕ್ರಮ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಶಾಲೆಯೊಳಗೇ ಒಂದು ಪರೀಕ್ಷೆ ಸಾಧ್ಯ: ವಿದ್ಯಾರ್ಥಿಯ ಒಂದೆರಡು ಉತ್ತರಗಳನ್ನು ಪದ ಬದಲಿಸದೆ, ವಾಕ್ಯ ತಿದ್ದದೆ, ಕಾಗುಣಿತವನ್ನಷ್ಟೇ ಸರಿಪಡಿಸಿ ಬೇರೆ ಹಾಳೆಯಲ್ಲಿ ಪ್ರತಿ ಮಾಡಿ, ಅದು ಯಾರದೆಂದು ಹೇಳದೆ ಅದೇ ವಿಷಯದ ಇನ್ನೊಬ್ಬ ಶಿಕ್ಷಕರಿಗೆ ಕೊಡುವುದು. ಎರಡು ಅಂಕಗಳ ನಡುವೆ ಪದೇ ಪದೇ ಅಂತರ ಕಂಡರೆ, ಮತ್ತು ಅಂತರ ಯಾವಾಗಲೂ ಒಂದೇ ದಿಕ್ಕಿಗಿದ್ದರೆ, ಕಾಗುಣಿತ ಒಳಗೆ ನುಸುಳುತ್ತಿದೆ ಎಂದು ಅರ್ಥ. ಒಂದು ಸಲ ಅರ್ಧ ಅಂಕ ಹೆಚ್ಚುಕಡಿಮೆಯಾಗುವುದಕ್ಕೆ ವಿಶೇಷ ಅರ್ಥವಿಲ್ಲ. ಇಬ್ಬರು ಶಿಕ್ಷಕರ ನಡುವೆ ಯಾವ ಪತ್ರಿಕೆಯಲ್ಲಾದರೂ ಅಷ್ಟು ಭೇದ ಇದ್ದೇ ಇರುತ್ತದೆ.

ಭಾಷೆಯ ಪತ್ರಿಕೆಗೆ ಬಂದಾಗ ಇದೇ ನ್ಯಾಯ ಅನ್ವಯಿಸುವುದಿಲ್ಲ. ಅಲ್ಲಿ ಕಾಗುಣಿತವೂ ಕಲಿಸಿದ ವಿಷಯದ ಒಂದು ಭಾಗ, ಉಕ್ತಲೇಖನದಲ್ಲಂತೂ ಅದೇ ಎಲ್ಲವೂ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದರೆ ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ. ಆದರೆ ಪ್ರಬಂಧದಲ್ಲಿ ಕಾಗುಣಿತದ ಪಾಲು ಎಷ್ಟು ಎಂಬುದನ್ನು ಮೊದಲೇ ನಿಗದಿ ಮಾಡಬಹುದು. ಶಾಲೆಯ 10 ಅಂಕದ ಪ್ರಬಂಧದಲ್ಲಿ 6 ಅಂಕ ವಿಚಾರಕ್ಕೂ ಅದರ ಜೋಡಣೆಗೂ, 2 ಅಂಕ ವಾಕ್ಯರಚನೆಗೂ, 2 ಅಂಕ ಕಾಗುಣಿತಕ್ಕೂ ಎಂದು ಇಟ್ಟುಕೊಂಡರೆ ಎಷ್ಟೇ ತಪ್ಪು ಬರೆದರೂ ಹೋಗುವುದು ಎರಡೇ ಅಂಕ. ತಪ್ಪಿಗೆ ಅರ್ಧ ಅಂಕದಂತೆ ಕಳೆಯುವ ಹಳೆಯ ರೂಢಿಯಲ್ಲಿ 20 ತಪ್ಪಿಗೆ ಇಡೀ ಪ್ರಬಂಧ ಸೊನ್ನೆಯಾಗುತ್ತದೆ, ಅಂದರೆ ವಿಚಾರಕ್ಕೆಂದು ಇಟ್ಟ ಅಂಕಗಳನ್ನೂ ಕಾಗುಣಿತವೇ ನುಂಗುತ್ತದೆ. ಒಂದೇ ಪದ ಆರು ಸಲ ತಪ್ಪಾಗಿದ್ದರೆ ಅದನ್ನು ಒಂದೇ ತಪ್ಪೆಂದು ಎಣಿಸುವುದೂ ಇದರ ಜೊತೆಗೆ ಸೇರಬೇಕು, ಇಲ್ಲವಾದರೆ ವಿಷಯಕ್ಕೆ ಬೇಕಾದ ಮುಖ್ಯ ಪದವನ್ನು ಹೆಚ್ಚು ಬಳಸಿದವರಿಗೇ ಹೆಚ್ಚು ದಂಡ ಬೀಳುತ್ತದೆ.

ಕಾನೂನು ಈ ಮಕ್ಕಳಿಗೆ ಕೊಟ್ಟಿರುವುದು ಬೇರೆ ಬಗೆಯ ನೆರವು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಡಿಸ್ಲೆಕ್ಸಿಯಾವನ್ನೂ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು ತನ್ನ ಪಟ್ಟಿಯಲ್ಲಿ ಸೇರಿಸಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರವನ್ನು ಕೇಳಿಸಿಕೊಂಡು ಬರೆಯುವ ಲಿಪಿಕಾರರ ಸಹಾಯ, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದವುಗಳನ್ನು ಹೆಸರಿಸುತ್ತದೆ. ಲಿಪಿಕಾರರು ಬರೆದ ಪತ್ರಿಕೆಯಲ್ಲಿ ಕಾಗುಣಿತ ಲಿಪಿಕಾರರದೇ ಆಗಿರುವುದರಿಂದ ಮೇಲೆ ಹೇಳಿದ ಸಮಸ್ಯೆಯೇ ಹುಟ್ಟುವುದಿಲ್ಲ. ಆದರೆ ಪ್ರಮಾಣಪತ್ರ ಇರುವವರಿಗೆ ಮಾತ್ರ, ಅದೂ ಮುಖ್ಯ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಸೌಲಭ್ಯ ಅದು. ವಾರದ ಕಿರುಪರೀಕ್ಷೆ, ಮನೆಗೆಲಸ, ಪ್ರಯೋಗದ ವರದಿ ಇವೆಲ್ಲ ವಿದ್ಯಾರ್ಥಿಯ ಸ್ವಂತ ಕೈಯಲ್ಲಿಯೇ ಬರುತ್ತವೆ. ಹೆಚ್ಚುವರಿ ಸಮಯದಿಂದಲೂ ಕಾಗುಣಿತ ಅಷ್ಟಾಗಿ ಸುಧಾರಿಸುವುದಿಲ್ಲ, ಏಕೆಂದರೆ ತನ್ನ ತಪ್ಪು ತನಗೆ ಕಾಣದಿರುವುದೇ ಈ ತೊಡಕಿನ ಲಕ್ಷಣ. ಪರ್ಸಿಗೆ ತನ್ನ ಹೆಸರಿನಲ್ಲಿ ಕಾಣದ್ದು ಅರ್ಧ ಗಂಟೆ ಹೆಚ್ಚು ಕೊಟ್ಟಿದ್ದರೂ ಕಾಣುತ್ತಿರಲಿಲ್ಲ. ಸಮಯದ ಲಾಭವೆಲ್ಲ ಇರುವುದು ಪ್ರಶ್ನೆಯನ್ನು ನಿಧಾನವಾಗಿ ಓದಿಕೊಳ್ಳುವುದಕ್ಕೆ ಮತ್ತು ಉತ್ತರವನ್ನು ಪೂರ್ತಿ ಮಾಡುವುದಕ್ಕೆ.

ಇಮ್ಮಡಿ ಪರಿಚಲನೆಯ ಉತ್ತರಕ್ಕೆ ಈಗ ಅಂಕ ಹಾಕಬಹುದು. ರಕ್ತ ಎರಡು ಸಲ ಹೃದಯವನ್ನು ಹೊಗುವುದು ಬಂದಿದೆ, 1 ಅಂಕ. ಗೋಡೆಯಿಂದಾಗಿ ಎರಡು ಬಗೆಯ ರಕ್ತ ಬೆರೆಯದಿರುವುದು ಬಂದಿದೆ, 1 ಅಂಕ. ಮೈ ಬಿಸಿಗಾಗಿ ಹೆಚ್ಚು ಆಮ್ಲಜನಕ ಬೇಕೆಂಬುದು ಬಂದಿದೆ, 1 ಅಂಕ. ಹಾದಿಯಲ್ಲಿ ಮಾತ್ರ ಒಂದು ಕೊರತೆ ಇದೆ: ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಎಡ ಹೃತ್ಕರ್ಣಕ್ಕೆ, ಎಡ ಹೃತ್ಕುಕ್ಷಿಯಿಂದ ಮೈಗೆಲ್ಲ ಎಂಬಲ್ಲಿಗೆ ವಿವರಣೆ ನಿಂತಿದೆ, ದೇಹದಿಂದ ಬಲ ಹೃತ್ಕರ್ಣಕ್ಕೆ ರಕ್ತ ಮರಳುವ ಕೊನೆಯ ಹೆಜ್ಜೆ ಎಲ್ಲಿಯೂ ಇಲ್ಲ. ಅದನ್ನು ಯಾವ ಒತ್ತು, ಯಾವ ದೀರ್ಘ ಸೇರಿಸಿಯೂ ಓದಿಕೊಳ್ಳಲು ಬರುವುದಿಲ್ಲ. ಅರ್ಧ ಅಂಕ ಕಳೆದು 3.5. ದುಂಡಗಿನ ಅಕ್ಷರದಲ್ಲಿ, ಒಂದೂ ಕಾಗುಣಿತ ತಪ್ಪಿಲ್ಲದೆ ಇದೇ ಉತ್ತರವನ್ನು ಬರೆದ ವಿದ್ಯಾರ್ಥಿಗೂ ಸಿಗಬೇಕಾದದ್ದು ಇದೇ 3.5. ಹಾಳೆಯ ಅಂಚಿನಲ್ಲಿ ಶಿಕ್ಷಕರು ಬರೆಯಬೇಕಾದ ಪ್ರಶ್ನೆಯೂ ಇಬ್ಬರಿಗೂ ಒಂದೇ: ಮೈಗೆಲ್ಲ ಹೋದ ರಕ್ತ ಮರಳಿ ಹೃದಯದ ಯಾವ ಕೋಣೆಗೆ ಬರುತ್ತದೆ? ಮೊದಲನೆಯ ವಿದ್ಯಾರ್ಥಿಯ ಹಾಳೆಯಲ್ಲಿ ಅದರ ಕೆಳಗೆ, 26 ಸುತ್ತುಗಳ ಬದಲಿಗೆ, ರಕ್ತ ಎಂಬ ಒಂದು ಪದವನ್ನು ದೊಡ್ಡದಾಗಿ ಬರೆದು, ಕಕಾರದ ಕೆಳಗೆ ಕೂರುವ ತಕಾರದ ಒತ್ತನ್ನು ಬೇರೆ ಬಣ್ಣದಲ್ಲಿ ತೋರಿಸಿದರೆ ಆ ವಾರಕ್ಕೆ ಸಾಕು.